ನನ್ನ ಅಕೌಂಟ್ ಹ್ಯಾಕ್ ಆಗಿದೆ, ಅಲ್ಲಿಂದ ಬರುವ ಮೆಸೇಜ್ ನಂಬಬೇಡಿ

ಗೆಳೆಯರೇ, ನಿನ್ನೆ ರಾತ್ರಿಯಿಂದ ನನ್ನ ಅಕೌಂಟ್ ಬೇರೆ ಯಾರದೋ ಕೈಯಲ್ಲಿದೆ. ಇದನ್ನು ತಂಗಿಯ ಅಕೌಂಟಿನಿಂದ ಬರೆಯುತ್ತಿದ್ದೇನೆ. ಅರ್ಜೆಂಟಾಗಿ ದುಡ್ಡು ಬೇಕು, ಸಂಜೆ ವಾಪಸ್ ಕೊಡ್ತೀನಿ ಅಂತಲೋ, ಸ್ಪರ್ಧೆಯಲ್ಲಿ ನನಗೆ ವೋಟ್ ಹಾಕಿ ಅಂತ ಲಿಂಕ್ ಸಮೇತವೋ ಮೆಸೇಜ್ ಬಂದರೆ ಅದು ನಾನಲ್ಲ. ದುಡ್ಡು ಕಳಿಸಬೇಡಿ, ಲಿಂಕ್ ಒತ್ತಬೇಡಿ. ಒಟಿಪಿ ಕೇಳಿದರೆ ಅದು ನಿಮ್ಮ ಅಕೌಂಟನ್ನೂ ಕದಿಯೋಕೆ, ಕೊಡಲೇಬೇಡಿ. ಆ ಮೆಸೇಜಲ್ಲಿ ‘ಡಿಯರ್’ ಅಂತ ಇದ್ದರೆ ಅಲ್ಲೇ ಗೊತ್ತಾಗಬೇಕು, ನಾನು ಯಾರನ್ನಾದರೂ ಹಾಗೆ ಕರೆದಿದ್ದು ಉಂಟಾ?

ಇಮೇಲ್ ಪಾಸ್‌ವರ್ಡ್ ಬದಲಾಯಿಸಿ, ಅದಕ್ಕೆ ಎರಡು ಹಂತದ ಭದ್ರತೆ ಹಾಕಿದ್ದೇನೆ. ಅಕೌಂಟ್ ವಾಪಸ್ ಕೊಡಿ ಅಂತ ಅರ್ಜಿ ಹಾಕಿ, ಗುರುತಿಗೆ ಸೆಲ್ಫಿ ವಿಡಿಯೊ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸೈಬರ್ ದೂರೂ ಕೊಟ್ಟಾಗಿದೆ. ನೀವೂ ಆ ಪ್ರೊಫೈಲನ್ನು ರಿಪೋರ್ಟ್ ಮಾಡಿದರೆ ಒಳ್ಳೆಯದು.

ಆಗಲೇ ದುಡ್ಡು ಕಳಿಸಿದವರಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಿ, ಆಮೇಲೆ ನನಗೆ ಫೋನ್ ಮಾಡಿ. ನಂಬರ್ ಹಳೆಯದೇ.