ವಿಷಯ: ಅಣ್ಣನ ಮಗಳ ಮದುವೆಯ ನಿಮಿತ್ತ ಫೆಬ್ರವರಿ 23ರಿಂದ 28ರವರೆಗೆ ಗಳಿಕೆ ರಜೆ ಕೋರಿ

ಮಾನ್ಯ ಪಾಟೀಲ ಸರ್ ಅವರಿಗೆ,

ಸಾದರ ನಮಸ್ಕಾರಗಳು.

ನನ್ನ ಅಣ್ಣನ ಮಗಳ ಮದುವೆಯು ಫೆಬ್ರವರಿ 26, 2026ರ ಗುರುವಾರ ಧಾರವಾಡದಲ್ಲಿ ನಿಶ್ಚಯವಾಗಿದೆ. ಅದರ ನಿಮಿತ್ತ ಫೆಬ್ರವರಿ 23ರ ಸೋಮವಾರದಿಂದ 28ರ ಶನಿವಾರದವರೆಗೆ ನನ್ನ ಖಾತೆಯಲ್ಲಿರುವ ಗಳಿಕೆ ರಜೆಯನ್ನು ಮಂಜೂರು ಮಾಡಬೇಕೆಂದು ವಿನಂತಿಸಿಕೊಳ್ಳುತ್ತೇನೆ. 21ರ ಶನಿವಾರ ಕಚೇರಿ ಕೆಲಸ ಮುಗಿಸಿಯೇ ರಾತ್ರಿ ಬಸ್ಸಿಗೆ ಪುಣೆ ಬಿಡುತ್ತೇನೆ. ಮಾರ್ಚ್ 2ರ ಸೋಮವಾರ ಎಂದಿನ ವೇಳೆಗೆ ಭೋಸರಿಯ ಕಚೇರಿಯಲ್ಲಿ ಹಾಜರಿರುತ್ತೇನೆ.

ಮದುವೆ ಒಂದು ದಿನದ್ದಾದರೂ ವಾರದ ರಜೆ ಏಕೆಂದು ತಾವು ಕೇಳುವುದು ಸಹಜ. ಅಣ್ಣನಿಗೆ ಡಿಸೆಂಬರಿನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದು, ಕೋಲಿನ ಆಸರೆಯಿಲ್ಲದೆ ಓಡಾಡುವ ಸ್ಥಿತಿಯಲ್ಲಿ ಅವನಿಲ್ಲ. ತಂದೆಯವರು ತೀರಿಕೊಂಡ ಮೇಲೆ ಮನೆಯಲ್ಲಿ ಓಡಾಡುವ ಗಂಡಾಳೆಂದರೆ ಹುಡುಗಿಯ ಕಾಕಾ ಆದ ನಾನೊಬ್ಬನೇ. ಸೋಮವಾರ ಹಂದರಗಂಬ ನೆಡುವುದರಿಂದ ಹಿಡಿದು ದೇವರ ಊಟ, ಅರಿಷಿಣ, ಬೀಗರ ಇಳಿದಾಣದ ವ್ಯವಸ್ಥೆ, ಅಡುಗೆಯವರಿಗೆ ಸಾಮಾನು ಒದಗಿಸುವುದು ಎಲ್ಲವೂ ನನ್ನ ಪಾಲಿಗೆ ಬಂದಿವೆ. ಅಕ್ಕಿಕಾಳು ಬಿದ್ದ ಕೂಡಲೇ ಹೊರಟುಬರೋಣವೆಂದರೆ ಮರುದಿನ ಹುಡುಗಿಯನ್ನು ಗಂಡನ ಮನೆಗೆ ಬಿಟ್ಟುಬರುವುದಿದೆ. ಆಮೇಲೆ ಕಾರ್ಯಾಲಯದವರ, ಪಾತ್ರೆ-ಶಾಮಿಯಾನದವರ ಲೆಕ್ಕ ಚುಕ್ತಾ ಮಾಡುವುದಿದೆ. ಲೆಕ್ಕದವನು ಮನೆಯಲ್ಲಿದ್ದಾಗ ಆ ಕೆಲಸವನ್ನು ಬೇರೆಯವರು ಮಾಡುವುದಿಲ್ಲವೆಂಬುದು ತಮಗೂ ಗೊತ್ತಿದ್ದದ್ದೇ.

ರಜೆಯ ದಿನಗಳಲ್ಲಿ ಇಲ್ಲಿನ ಕೆಲಸ ನಿಲ್ಲದಂತೆ ಮಾಡಿರುವ ಏರ್ಪಾಡನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ಜನವರಿ ತಿಂಗಳ ಜಿಎಸ್‌ಟಿಆರ್-1 ಅನ್ನು ಫೆಬ್ರವರಿ 11ರೊಳಗೆ, ಭವಿಷ್ಯ ನಿಧಿಯ ಹಣವನ್ನು 15ರೊಳಗೆ, ಜಿಎಸ್‌ಟಿಆರ್-3ಬಿ ಅನ್ನು 20ರೊಳಗೆ ನಾನೇ ಪೂರೈಸಿ ಹೋಗುತ್ತೇನೆ. ಫೆಬ್ರವರಿಯ ಟಿಡಿಎಸ್ ತುಂಬಲು ಮಾರ್ಚ್ 7ರವರೆಗೆ ಅವಕಾಶವಿರುವುದರಿಂದ ಅದನ್ನು ಮರಳಿ ಬಂದ ಮೇಲೆ ನೋಡಿಕೊಳ್ಳುತ್ತೇನೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಪೈಕಿ ಆ ವಾರದಲ್ಲಿ 45 ದಿನ ತುಂಬುವ ಬಿಲ್ಲುಗಳ ಪಟ್ಟಿಯನ್ನು ಬೇರೆ ಮಾಡಿದ್ದು, ತಾವು ಒಪ್ಪಿದರೆ ಅವುಗಳನ್ನು 20ರಂದೇ ಪಾವತಿಸಬಹುದು.

ನಿಜವಾಗಿ ಗಮನ ಬೇಕಾದದ್ದು ಸಂಬಳದ ಕೆಲಸಕ್ಕೆ. ನಮ್ಮಲ್ಲಿ 28ರಂದು ಸಂಬಳ ಜಮಾ ಆಗಬೇಕಾಗಿದ್ದು, ಬ್ಯಾಂಕಿನ ಪೋರ್ಟಲ್‌ನಲ್ಲಿ ಕಡತ ಏರಿಸುವ ಅಧಿಕಾರ ಸದ್ಯ ನನಗೊಬ್ಬನಿಗೇ ಇದೆ. ನನ್ನ ಪಾಸ್‌ವರ್ಡನ್ನು ಮತ್ತೊಬ್ಬರಿಗೆ ಕೊಟ್ಟು ಹೋಗುವುದು ಸರಿಯಲ್ಲ. ಒಟಿಪಿಯೂ ನನ್ನ ಮೊಬೈಲಿಗೇ ಬರುತ್ತದೆ. ಆದುದರಿಂದ ಸ್ನೇಹಾ ಅವರ ಹೆಸರಿನಲ್ಲಿ ಬೇರೆ ಲಾಗಿನ್ ತೆಗೆಸುವ ಅರ್ಜಿಯನ್ನು ಸಿದ್ಧಪಡಿಸಿ ತಮ್ಮ ಸಹಿಗೆ ಕಳಿಸಿದ್ದೇನೆ. ಅಂತಿಮ ಅನುಮೋದನೆ ಎಂದಿನಂತೆ ತಮ್ಮದೇ ಆಗಿರುತ್ತದೆ. ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆಯನ್ನು ಇತರ ತಿಂಗಳುಗಳಲ್ಲಿ 200 ರೂಪಾಯಿ ಹಿಡಿಯುವವರಿಗೆ ಫೆಬ್ರವರಿಯಲ್ಲಿ 300 ರೂಪಾಯಿ ಹಿಡಿಯಬೇಕಾಗುತ್ತದೆ. ಹಿಂದಿನ ತಿಂಗಳ ಕಡತವನ್ನೇ ನಕಲು ಮಾಡಿದರೆ ಇಲ್ಲಿ ತಪ್ಪುವ ಸಂಭವ ಇರುವುದರಿಂದ, ಸ್ನೇಹಾ ಅವರಿಗೆ ಮರಾಠಿಯಲ್ಲಿ ಬರೆದುಕೊಟ್ಟಿರುವ ಟಿಪ್ಪಣಿಯಲ್ಲಿ ಈ ಮಾತನ್ನೇ ಮೊದಲಿಗೆ ಹಾಕಿದ್ದೇನೆ. ಹೊರಡುವ ಮುನ್ನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಬಳದ ಕರಡು ಪಟ್ಟಿಯನ್ನು ಒಮ್ಮೆ ಪೂರ್ತಿ ತಯಾರಿಸಿ ತೋರಿಸುತ್ತೇನೆ.

ಲ್ಯಾಪ್‌ಟಾಪನ್ನು ಜೊತೆಗೆ ಒಯ್ಯುತ್ತೇನೆಂದು ಹೇಳಬಹುದಿತ್ತು. ಆದರೆ ಮದುವೆ ಮನೆಯಲ್ಲಿ ಕೂತು ಕೆಲಸ ಮಾಡುತ್ತೇನೆಂದು ಮಾತು ಕೊಟ್ಟು ಇಬ್ಬರಿಗೂ ತೊಂದರೆ ಮಾಡುವುದಕ್ಕಿಂತ, ಪ್ರತಿದಿನ ಸಂಜೆ 5ರಿಂದ 6ರವರೆಗೆ ಫೋನಿನಲ್ಲಿ ಸಿಗುತ್ತೇನೆಂದು ಹೇಳುವುದೇ ಲೇಸು. 26ರ ಗುರುವಾರ ಮಾತ್ರ ಅದೂ ಸಾಧ್ಯವಾಗಲಿಕ್ಕಿಲ್ಲ, ಆ ಒಂದು ದಿನದ ಮಟ್ಟಿಗೆ ದಯವಿಟ್ಟು ವಿನಾಯಿತಿ ನೀಡಬೇಕು. ವರ್ಷಾಂತ್ಯದ ಲೆಕ್ಕಗಳು ಇರುವ ಮಾರ್ಚ್ ತಿಂಗಳಲ್ಲಿ ನಾನು ಯಾವ ರಜೆಯನ್ನೂ ಕೇಳುವುದಿಲ್ಲ.

ಬ್ಯಾಂಕಿನವರು ಹೊಸ ಲಾಗಿನ್ ಕೊಡಲು ಕೆಲವು ದಿನ ತೆಗೆದುಕೊಳ್ಳುವುದರಿಂದ, ಫೆಬ್ರವರಿ 4ರ ಬುಧವಾರದೊಳಗೆ ತಮ್ಮ ಒಪ್ಪಿಗೆ ತಿಳಿಸಿದರೆ ಅರ್ಜಿಯನ್ನು ಮರುದಿನವೇ ಸಲ್ಲಿಸುತ್ತೇನೆ. ಕಚೇರಿಯ ರಜಾ ಪೋರ್ಟಲ್‌ನಲ್ಲಿಯೂ ಮನವಿಯನ್ನು ದಾಖಲಿಸಿದ್ದೇನೆ. ಲಗ್ನಪತ್ರಿಕೆ ಇನ್ನೂ ಮುದ್ರಣದಲ್ಲಿದೆ. ಬಂದೊಡನೆ ತಮಗೂ ವಹಿನಿಯವರಿಗೂ ಮನೆಗೇ ಬಂದು ಕೊಡುವವನಿದ್ದೇನೆ.

ತಮ್ಮ ವಿಶ್ವಾಸಿ,
ಮಂಜುನಾಥ
ಹಿರಿಯ ಲೆಕ್ಕಿಗ, ಲೆಕ್ಕಪತ್ರ ವಿಭಾಗ
ಭೋಸರಿ, ಪುಣೆ
ಜನವರಿ 27, 2026