ನಾಳೆ ಬೆಳಿಗ್ಗೆಯೊಳಗೆ ಮೊಡವೆ ಹೋಗಬೇಕು

ಗ್ರಾಹಕ: ಮೇಡಂ, ನಾಳೆ ಬೆಳಿಗ್ಗೆ 10 ಗಂಟೆಗೆ ನನಗೊಂದು ಸಂದರ್ಶನವಿದೆ. ಇಂದು ರಾತ್ರಿ ಹಚ್ಚಿ ಮಲಗಿದರೆ ಏಳುವಷ್ಟರಲ್ಲಿ ಈ ಮೊಡವೆಗಳೆಲ್ಲ ಮಾಯವಾಗುವಂಥ ಔಷಧಿ ಯಾವುದಾದರೂ ಇದ್ದರೆ ಕೊಡಿ. ಎಷ್ಟೇ ಬಲವಾದದ್ದಾದರೂ ಪರವಾಗಿಲ್ಲ.

ಫಾರ್ಮಸಿಸ್ಟ್: ಸ್ವಲ್ಪ ಬೆಳಕಿಗೆ ಬನ್ನಿ, ನೋಡೋಣ. ಕೆನ್ನೆಯ ಮೇಲಿನ ಒಂದು ಮೊಡವೆಯ ತುದಿ ಬೆಳ್ಳಗಾಗಿದೆ, ಪಕ್ಕದ ಎರಡು ಬರೀ ಕೆಂಪಗಿವೆ. ಗಲ್ಲದ ಮೇಲಿನದು ಒಳಗೆ ಗಂಟಿನಂತಿದೆಯೇ, ಮುಟ್ಟಿದರೆ ನೋಯುತ್ತದೆಯೇ?

ಗ್ರಾಹಕ: ಹೌದು, ಅದೇ ಹೆಚ್ಚು ನೋವು ಕೊಡುತ್ತಿದೆ. ಮಧ್ಯಾಹ್ನ ಹಿಚುಕಿ ನೋಡಿದೆ, ಏನೂ ಬರಲಿಲ್ಲ.

ಫಾರ್ಮಸಿಸ್ಟ್: ಅದರಲ್ಲಿ ಹೊರಗೆ ಬರುವಂಥದ್ದು ಏನೂ ಇಲ್ಲ. ಚರ್ಮದ ಎಣ್ಣೆ ಮತ್ತು ಸತ್ತ ಜೀವಕೋಶಗಳು ಸೇರಿ ರಂಧ್ರ ಮುಚ್ಚಿಕೊಂಡು, ಅದರೊಳಗೆ ಬ್ಯಾಕ್ಟೀರಿಯಾಗಳು ಹೆಚ್ಚಿ, ಅದಕ್ಕೆ ದೇಹ ಪ್ರತಿಕ್ರಿಯಿಸಿದಾಗ ಹೀಗೆ ಊದಿಕೊಳ್ಳುತ್ತದೆ. ಹಿಚುಕಿದರೆ ಆ ಉರಿಯೂತ ಇನ್ನೂ ಆಳಕ್ಕೆ ಹೋಗುತ್ತದೆ, ಕಲೆಯೂ ಉಳಿಯಬಹುದು. ಇಷ್ಟೆಲ್ಲ ಒಂದೇ ರಾತ್ರಿಯಲ್ಲಿ ಇಳಿದುಹೋಗುವಂತೆ ಮಾಡುವ ಮುಲಾಮು ನನ್ನ ಬಳಿ ಮಾತ್ರವಲ್ಲ, ಯಾರ ಬಳಿಯೂ ಇಲ್ಲ.

ಗ್ರಾಹಕ: ಆದರೆ ನನ್ನ ಗೆಳೆಯನೊಬ್ಬ ಒಂದು ಟ್ಯೂಬ್ ಹಚ್ಚಿಕೊಂಡು ಎರಡೇ ದಿನದಲ್ಲಿ ಮುಖ ತಿಳಿಯಾಯಿತೆಂದ. ಇದೇ ನೋಡಿ, ಮೊಬೈಲಿನಲ್ಲಿ ಅದರ ಚಿತ್ರವಿದೆ.

ಫಾರ್ಮಸಿಸ್ಟ್: (ಚಿತ್ರವನ್ನು ದೊಡ್ಡದು ಮಾಡಿ ನೋಡಿ) ಇದರಲ್ಲಿ ಕ್ಲೊಬೆಟಾಸಾಲ್ ಇದೆ, ಅಂದರೆ ಬಹಳ ಪ್ರಬಲವಾದ ಸ್ಟೆರಾಯ್ಡ್. ಕೆಂಪು ಬೇಗ ಇಳಿಯುತ್ತದೆ, ಆದ್ದರಿಂದಲೇ ಜನ ಇದನ್ನು ನಂಬುತ್ತಾರೆ. ಆದರೆ ಮುಖಕ್ಕೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಹೊಸ ಮೊಡವೆಗಳು ಏಳುತ್ತವೆ, ಬಿಟ್ಟಕೂಡಲೇ ಮುಖ ಮತ್ತೆ ಕೆಂಪಾಗುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ನಾನು ಕೊಡುವುದಿಲ್ಲ. ನಿಮ್ಮ ಗೆಳೆಯರಿಗೂ ಚರ್ಮವೈದ್ಯರನ್ನು ಕಾಣಲು ಹೇಳಿ.

ಗ್ರಾಹಕ: ಹಾಗಾದರೆ ಬೆಂಜಾಯ್ಲ್ ಪೆರಾಕ್ಸೈಡ್? ಅದರಲ್ಲಿ 10 ಶೇಕಡಾದ್ದು ಬಲವಾಗಿರುತ್ತದೆ ಎಂದು ಓದಿದ್ದೇನೆ.

ಫಾರ್ಮಸಿಸ್ಟ್: ಮೊದಲು ಯಾವಾಗಲಾದರೂ ಹಚ್ಚಿದ್ದೀರಾ?

ಗ್ರಾಹಕ: ಇಲ್ಲ.

ಫಾರ್ಮಸಿಸ್ಟ್: ಹಾಗಿದ್ದರೆ ಇಂದು ರಾತ್ರಿ ಬೇಡ. ಅದು ಒಳ್ಳೆಯ ಔಷಧಿಯೇ, ಆದರೆ ಮೊದಲ ಸಲ ಹಚ್ಚಿದವರಲ್ಲಿ ಎಷ್ಟೋ ಮಂದಿಗೆ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಕೆಲವರಿಗೆ ಉರಿಯುತ್ತದೆ. ನಾಲ್ಕು ಮೊಡವೆಯ ಜೊತೆ ಸುತ್ತಲಿನ ಚರ್ಮವೂ ಕೆಂಪಾಗಿ ಸಂದರ್ಶನಕ್ಕೆ ಹೋಗುವುದು ನಿಮಗೆ ಬೇಕೇ? ಸಂದರ್ಶನ ಮುಗಿದ ಮೇಲೆ 2.5 ಶೇಕಡಾದ ಜೆಲ್‌ನಿಂದ ಆರಂಭಿಸಿ. 10 ಶೇಕಡಾದ್ದರಲ್ಲಿ ಹೆಚ್ಚುವುದು ಮುಖ್ಯವಾಗಿ ಉರಿಯೇ ಹೊರತು ಗುಣವಲ್ಲ. ಫಲ ಕಾಣಲು ಕೆಲವು ವಾರಗಳಾದರೂ ಬೇಕು. ಮತ್ತೊಂದು ವಿಷಯ, ಅದು ತಾಗಿದ ಬಟ್ಟೆಯ ಬಣ್ಣ ಹೋಗುತ್ತದೆ, ದಿಂಬು ಮತ್ತು ಟವೆಲ್ ಬಗ್ಗೆ ಎಚ್ಚರವಿರಲಿ.

ಗ್ರಾಹಕ: ಅಂದರೆ ಇಂದು ರಾತ್ರಿ ನಾನು ಸುಮ್ಮನೆ ಮಲಗಬೇಕೇ?

ಫಾರ್ಮಸಿಸ್ಟ್: ಸುಮ್ಮನೆ ಅಲ್ಲ. ಬೆಳ್ಳಗಾಗಿರುವ ಮೊಡವೆಗೆ ಈ ಹೈಡ್ರೋಕೊಲಾಯ್ಡ್ ಪಟ್ಟಿಯನ್ನು ಅಂಟಿಸಿ. ಮುಖವನ್ನು ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದು, ಪೂರ್ತಿ ಒರೆಸಿದ ಮೇಲೆ, ಕೆಳಗೆ ಯಾವ ಕ್ರೀಮನ್ನೂ ಹಚ್ಚದೆ ಅಂಟಿಸಬೇಕು, ಇಲ್ಲವಾದರೆ ನಿಲ್ಲುವುದಿಲ್ಲ. ರಾತ್ರಿಯಿಡೀ ಅದು ಒಳಗಿನ ದ್ರವವನ್ನು ಹೀರಿಕೊಂಡು ತಾನೇ ಬೆಳ್ಳಗಾಗುತ್ತದೆ, ಮೊಡವೆ ಸ್ವಲ್ಪ ಚಪ್ಪಟೆಯಾಗುತ್ತದೆ, ಜೊತೆಗೆ ನಿಮ್ಮ ಕೈಯೂ ಅದರಿಂದ ದೂರವಿರುತ್ತದೆ. ಗಲ್ಲದ ಗಂಟಿಗೆ ಈ ಪಟ್ಟಿ ಪ್ರಯೋಜನವಿಲ್ಲ. ಅದಕ್ಕೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೆಲವು ನಿಮಿಷ ಇಟ್ಟು ತೆಗೆಯಿರಿ, ಬಿಡುವು ಕೊಟ್ಟು ಮತ್ತೆ ಇಡಿ. ಊತವೂ ನೋವೂ ಕೊಂಚ ತಗ್ಗುತ್ತವೆ.

ಗ್ರಾಹಕ: ಟೂತ್‌ಪೇಸ್ಟ್, ನಿಂಬೆರಸ?

ಫಾರ್ಮಸಿಸ್ಟ್: ಎರಡೂ ಚರ್ಮವನ್ನು ಸುಡುತ್ತವೆ, ದಯವಿಟ್ಟು ಬೇಡ.

ಗ್ರಾಹಕ: ಈ ಗಂಟನ್ನು ವೈದ್ಯರು ಏನಾದರೂ ಮಾಡಬಲ್ಲರೇ?

ಫಾರ್ಮಸಿಸ್ಟ್: ಚರ್ಮವೈದ್ಯರು ಇಂಥ ಗಂಟಿಗೆ ನೇರವಾಗಿ ಅಲ್ಪ ಪ್ರಮಾಣದ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಅದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ಆದರೆ ಪ್ರಮಾಣ ತಪ್ಪಿದರೆ ಅಲ್ಲಿ ಗುಳಿ ಬೀಳಬಹುದು, ಆದ್ದರಿಂದ ಅವರೇ ಮಾಡಬೇಕಾದ ಕೆಲಸ. ಈ ಸಂಜೆ ಏಳು ಗಂಟೆಗೆ ನೀವು ಅದಕ್ಕಾಗಿ ಓಡಾಡುವುದಕ್ಕಿಂತ ನಿದ್ದೆ ಮಾಡುವುದು ಲೇಸು. ಇಂಥವು ಪದೇ ಪದೇ ಬರುತ್ತಿದ್ದರೆ ಮುಂದಿನ ವಾರ ಅವರನ್ನು ಕಾಣಿರಿ.

ಗ್ರಾಹಕ: ಬೆಳಿಗ್ಗೆ ಶೇವ್ ಮಾಡಿಕೊಳ್ಳಬಹುದೇ? ಗಡ್ಡ ಬಿಟ್ಟುಕೊಂಡು ಹೋಗಲಾರೆ.

ಫಾರ್ಮಸಿಸ್ಟ್: ಹೊಸ ಬ್ಲೇಡಿನಿಂದ, ಬಿಸಿನೀರಿನಲ್ಲಿ ಕೂದಲನ್ನು ಮೆತ್ತಗಾಗಿಸಿ, ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಮಾಡಿಕೊಳ್ಳಿ. ಗಂಟಿನ ಮೇಲೆ ಬ್ಲೇಡ್ ಎಳೆಯಬೇಡಿ, ರಕ್ತ ಬಂದರೆ ಅದನ್ನು ಮರೆಮಾಡುವುದು ಕಷ್ಟ. ಪಟ್ಟಿಯನ್ನು ಶೇವ್‌ಗೆ ಮೊದಲೇ ತೆಗೆಯಿರಿ.

ಗ್ರಾಹಕ: ಸರಿ ಮೇಡಂ. ಪಟ್ಟಿ ಮಾತ್ರ ಕೊಡಿ, ಜೆಲ್ ತೆಗೆದುಕೊಳ್ಳಲು ನಾಳಿದ್ದು ಬರುತ್ತೇನೆ.