ಪೊಟ್ಟಣದ ಹಿಂಬದಿಯ ಲೆಕ್ಕ

ಮಾನ್ಯ ಮುಖ್ಯೋಪಾಧ್ಯಾಯರೇ, ಸಹೋದ್ಯೋಗಿ ಮಿತ್ರರೇ ಹಾಗೂ ಪ್ರೀತಿಯ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಆಲೂಗಡ್ಡೆ ಚಿಪ್ಸ್‌ನ ಖಾಲಿ ಪೊಟ್ಟಣವೊಂದನ್ನು ತಂದು, "ಮೇಡಂ, ಇದರ ಮೇಲೆ ಎನರ್ಜಿ 551 ಎಂದಿದೆ. ನಾನು ಅಷ್ಟನ್ನೂ ತಿಂದುಬಿಟ್ಟೆನೇ?" ಎಂದು ಕೇಳಿದಳು. ಅವಳ ಪ್ರಶ್ನೆ ನನಗೆ ಬಹಳ ಹಿಡಿಸಿತು. ಆ ಪೊಟ್ಟಣವೇ ಈಗ ನನ್ನ ಕೈಯಲ್ಲಿದೆ. ಇದರ ಹಿಂಬದಿಯನ್ನು ಓದುವುದು ಹೇಗೆಂದು ಇಂದು ನೋಡೋಣ.

ಹಿಂಬದಿಯಲ್ಲಿ ಸಣ್ಣ ಅಕ್ಷರಗಳ ಒಂದು ಕೋಷ್ಟಕವಿದೆ. ಅದರ ಮೊದಲ ಸಾಲಿನಲ್ಲಿರುವ 'ಎನರ್ಜಿ' ಎಂದರೆ ಆ ತಿನಿಸಿನಿಂದ ದೇಹಕ್ಕೆ ದೊರೆಯುವ ಶಕ್ತಿ. ಅದನ್ನು ಕಿಲೋಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲೊರಿ. ಮಾತಿನಲ್ಲಿ ನಾವೆಲ್ಲ ಇದನ್ನೇ 'ಕ್ಯಾಲೊರಿ' ಎನ್ನುತ್ತೇವೆ.

ಈಗ ಆ 551ರ ವಿಷಯಕ್ಕೆ ಬರೋಣ. ಸಂಖ್ಯೆಯನ್ನು ಓದುವ ಮೊದಲು, ಅದು ಎಷ್ಟು ತಿನಿಸಿನ ಲೆಕ್ಕ ಎಂಬುದನ್ನು ಕೋಷ್ಟಕದ ತಲೆಯ ಮೇಲೆ ಹುಡುಕಬೇಕು. ಇಲ್ಲಿ '100 ಗ್ರಾಂಗೆ' ಎಂದಿದೆ. ಪೊಟ್ಟಣದ ಇನ್ನೊಂದು ಕಡೆ ನಿವ್ವಳ ತೂಕ, ಅಂದರೆ ನೆಟ್ ಕ್ವಾಂಟಿಟಿ, 50 ಗ್ರಾಂ ಎಂದಿದೆ. ಆದ್ದರಿಂದ ಪೊಟ್ಟಣವನ್ನು ಪೂರ್ತಿ ತಿಂದ ನಮ್ಮ ವಿದ್ಯಾರ್ಥಿನಿಗೆ ದೊರೆತದ್ದು 551ರ ಅರ್ಧ, ಸುಮಾರು 275 ಕಿಲೋಕ್ಯಾಲೊರಿ. ಆದರೆ ಅಲ್ಲಿಯೇ ಪಕ್ಕದಲ್ಲಿ, ಒಂದು ಬಾರಿಗೆ ತಿನ್ನುವ ಪ್ರಮಾಣ, ಅಂದರೆ 'ಸರ್ವ್ ಸೈಜ್', 20 ಗ್ರಾಂ ಎಂದೂ, ಅದರಲ್ಲಿ 110 ಕಿಲೋಕ್ಯಾಲೊರಿ ಇದೆಯೆಂದೂ ಬರೆದಿದೆ. ಈ 110ನ್ನು ಮಾತ್ರ ಕಂಡು 'ಇಷ್ಟೇ ತಾನೆ' ಎಂದುಕೊಂಡರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಈ ಪೊಟ್ಟಣದಲ್ಲಿರುವುದು ಅಂತಹ ಎರಡೂವರೆ ಪಾಲು. ಐವತ್ತು ಗ್ರಾಂನ ಪೊಟ್ಟಣವನ್ನು ಒಡೆದು ಇಪ್ಪತ್ತು ಗ್ರಾಂ ತಿಂದು ಉಳಿದದ್ದನ್ನು ಎತ್ತಿಡುವವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ, ನೀವೇ ಯೋಚಿಸಿ.

ಇದರ ಕೆಳಗಿನ ಸಾಲುಗಳಿಂದ ಆ ಶಕ್ತಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಒಂದು ಗ್ರಾಂ ಪ್ರೋಟೀನ್ ಅಥವಾ ಒಂದು ಗ್ರಾಂ ಕಾರ್ಬೋಹೈಡ್ರೇಟ್ ಸುಮಾರು 4 ಕಿಲೋಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಈ ಚಿಪ್ಸ್‌ನ 100 ಗ್ರಾಂನಲ್ಲಿ ಪ್ರೋಟೀನ್ 7 ಗ್ರಾಂ, ಕಾರ್ಬೋಹೈಡ್ರೇಟ್ 52 ಗ್ರಾಂ, ಕೊಬ್ಬು 35 ಗ್ರಾಂ ಇದೆ. ಗುಣಿಸಿದರೆ 28, 208 ಮತ್ತು 315; ಕೂಡಿಸಿದರೆ ಸರಿಯಾಗಿ 551. ಅರ್ಧಕ್ಕಿಂತ ಹೆಚ್ಚು ಶಕ್ತಿ ಕರಿದ ಎಣ್ಣೆಯಿಂದಲೇ ಬಂದಿದೆಯೆಂಬುದನ್ನು ನೀವು ಐದನೆಯ ತರಗತಿಯ ಗಣಿತದಿಂದಲೇ ಕಂಡುಹಿಡಿದಿರಿ.

ಕೋಷ್ಟಕದ ಕೊನೆಯಲ್ಲಿ 'ಆರ್‌ಡಿಎ', ಅಂದರೆ ದಿನಕ್ಕೆ ಶಿಫಾರಸು ಮಾಡಿದ ಪ್ರಮಾಣದಲ್ಲಿ ಇದು ಎಷ್ಟು ಪಾಲು ಎಂದು ತಿಳಿಸುವ ಶೇಕಡಾವಾರು ಅಂಕಣವಿದೆ. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮದಂತೆ ಅದನ್ನು ವಯಸ್ಕರೊಬ್ಬರ ದಿನದ 2000 ಕಿಲೋಕ್ಯಾಲೊರಿಯ ಆಧಾರದಲ್ಲಿ, ಅದೂ ಒಂದು ಸರ್ವ್‌ಗೆ ಮಾತ್ರ, ಲೆಕ್ಕಹಾಕಿರುತ್ತಾರೆ. ಇಲ್ಲಿರುವ ಶೇ. 5.5 ಎಂಬುದು ಪೂರ್ತಿ ಪೊಟ್ಟಣಕ್ಕೆ ಸುಮಾರು ಶೇ. 14 ಆಗುತ್ತದೆ. ನಿಮ್ಮ ಅಗತ್ಯವಾದರೋ ವಯಸ್ಸು, ಬೆಳವಣಿಗೆ, ಆಟೋಟಗಳಿಗೆ ತಕ್ಕಂತೆ ಬೇರೆಯಾಗಿರುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಕ್ಯಾಲೊರಿ ಎಂಬುದು ಹೆದರಬೇಕಾದ ವಸ್ತುವಲ್ಲ. ಅದಿಲ್ಲದೆ ನೀವು ಕಬಡ್ಡಿ ಆಡಲಾರಿರಿ, ಬೆಳೆಯಲೂ ಆರಿರಿ. ನೂರು ಗ್ರಾಂ ಹುರಿದ ಶೇಂಗಾದಲ್ಲಿಯೂ ಹೆಚ್ಚುಕಡಿಮೆ ಚಿಪ್ಸ್‌ನಷ್ಟೇ ಕ್ಯಾಲೊರಿಗಳಿವೆ, ಆದರೆ ಅದರೊಂದಿಗೆ ಸುಮಾರು 25 ಗ್ರಾಂ ಪ್ರೋಟೀನ್ ಕೂಡ ಬರುತ್ತದೆ. ಆದ್ದರಿಂದ ಮೊದಲ ಸಾಲಿಗೇ ನಿಲ್ಲದೆ ಪ್ರೋಟೀನ್, ಸಕ್ಕರೆ, ಸೋಡಿಯಂ ಸಾಲುಗಳನ್ನೂ ಓದಿರಿ. ಇನ್ನೊಬ್ಬರ ಬುತ್ತಿಯನ್ನಾಗಲಿ, ಮೈಕಟ್ಟನ್ನಾಗಲಿ ಈ ಸಂಖ್ಯೆಗಳಿಂದ ಅಳೆಯುವುದನ್ನು ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ.

ಪಾನೀಯಗಳಲ್ಲಿ ಲೆಕ್ಕ 100 ಮಿಲಿಲೀಟರಿಗೆ ಇರುತ್ತದೆ. 100 ಮಿಲಿಲೀಟರಿಗೆ 14 ಗ್ರಾಂ ಸಕ್ಕರೆ ಎಂದು ಬರೆದಿರುವ ಮಾವಿನ ಪಾನೀಯದ 150 ಮಿಲಿಲೀಟರಿನ ಡಬ್ಬಿಯನ್ನು ಕುಡಿದರೆ 21 ಗ್ರಾಂ ಸಕ್ಕರೆ ಹೊಟ್ಟೆ ಸೇರಿತು. ಅದರಿಂದಲೇ 84 ಕಿಲೋಕ್ಯಾಲೊರಿ.

ನಾಳೆ ಪ್ರತಿಯೊಬ್ಬರೂ ಮನೆಯಲ್ಲಿರುವ ಯಾವುದಾದರೂ ಖಾಲಿ ಪೊಟ್ಟಣವನ್ನು ಒರೆಸಿ ತನ್ನಿರಿ. ಇದಕ್ಕಾಗಿ ಹೊಸದನ್ನು ಕೊಳ್ಳಬೇಡಿರಿ. ಆರು ಮತ್ತು ಏಳನೆಯ ತರಗತಿಯವರು ನಿವ್ವಳ ತೂಕವನ್ನೂ ಪೂರ್ತಿ ಪೊಟ್ಟಣದ ಕ್ಯಾಲೊರಿಯನ್ನೂ ಬರೆಯಲಿ. ಎಂಟರಿಂದ ಹತ್ತರವರೆಗಿನವರು 4, 4, 9ರ ಗುಣಾಕಾರ ಮಾಡಿ, ಮುದ್ರಿತ ಸಂಖ್ಯೆಗೆ ಅದು ಹೊಂದುತ್ತದೆಯೇ ನೋಡಲಿ. ಸ್ವಲ್ಪ ವ್ಯತ್ಯಾಸ ಬಂದರೆ ಗಾಬರಿಯಾಗದೆ ನನ್ನ ಬಳಿಗೆ ತನ್ನಿರಿ, ಒಟ್ಟಿಗೆ ಕುಳಿತು ನೋಡೋಣ. ಈಗ ಸಾಲಾಗಿ ತರಗತಿಗಳಿಗೆ ತೆರಳಬಹುದು.